ಕತ್ತಲೆ ರೂಮಿಗೆ ಬಾಡಿಗೆ ಎಷ್ಟು?

ನಮ್ಮ ಕೆರೆಬಿಳಚಿ ಹುಡುಗರು ದಾವಣಗೆರೆ ಸೇರಿದ ಮೇಲೆ ಏನು ಮಾಡ್ತಾರೆ ಅನ್ನೋದು ನಿಮಗೆ ಗೊತ್ತಿದ್ದದ್ದೇ. ಮೊದಲು ಹಾಸ್ಟೆಲ್ಲು, ಆಮೇಲೆ ಪೀಜಿ, ಅಲ್ಲಿಯ ಸಾರು ಬೇಜಾರಾದ ಮೇಲೆ ಗೆಳೆಯರು ಕೂಡಿ ಒಂದು ಬಾಡಿಗೆ ಮನೆ. ಮನೆ ಹುಡುಕೋತನಕ ಎಲ್ಲರೂ ಒಂದೇ ತಾಯಿ ಮಕ್ಕಳ ಹಾಗೆ ಇರ್ತಾರೆ. ಹಾಸಿಗೆ, ಸ್ಟೌವ್ ಇಳಿಸಿದ ಮೇಲೆ ತಾನೇ ಯಾರಿಗೆ ಯಾವ ರೂಮು ಅನ್ನೋ ಮಾತು ಬರೋದು, ಅಲ್ವಾ?

ನಮ್ಮ ಎದುರುಮನೆ ಹುಡುಗನದೂ ಅದೇ ಕಥೆ. ಇವನೊಬ್ಬ, ಹೊನ್ನಾಳಿ ಕಡೆಯವನೊಬ್ಬ, ಜಗಳೂರಿನವನೊಬ್ಬ. ಬಾಡಿಗೆ ತಿಂಗಳಿಗೆ 12,000. ರೂಮು ಮೂರು, ಆದರೆ ಒಂದರ ಹಾಗೆ ಇನ್ನೊಂದಿಲ್ಲ. ದೊಡ್ಡದು 120 ಚದರ ಅಡಿ, ಅಟ್ಯಾಚ್ಡ್ ಬಾತ್‌ರೂಮು ಅದಕ್ಕೇ ಇರೋದು. ಎರಡನೆಯದು 90 ಅಡಿ, ಸಣ್ಣದು, ಆದರೆ ಪೂರ್ವಕ್ಕೆ ಅಗಲವಾದ ಕಿಟಕಿ, ಬೆಳಗಾದರೆ ಮೇಜಿನ ಮೇಲೇ ಬಿಸಿಲು. ಮೂರನೆಯದು 110 ಅಡಿ, ಕಿಟಕಿ ತೆಗೆದರೆ ಕೈಗೆ ಸಿಗೋದು ಪಕ್ಕದ ಮನೆ ಗೋಡೆ. ಹಗಲಲ್ಲೂ ಲೈಟು ಹಾಕಬೇಕು.

ಹೊನ್ನಾಳಿ ಹುಡುಗ ಟೇಪು ತಂದು ಅಳೆದೇಬಿಟ್ಟ. ಒಟ್ಟು 320 ಅಡಿ, ಅಡಿಗೆ ಮೂವತ್ತೇಳೂವರೆ ರೂಪಾಯಿ. ದೊಡ್ಡ ರೂಮಿಗೆ 4,500, ಕಿಟಕಿ ರೂಮಿಗೆ 3,375, ಕತ್ತಲೆ ರೂಮಿಗೆ 4,125. ಲೆಕ್ಕ ಸರಿ, ಪೈಸೆ ತಪ್ಪಿಲ್ಲ. ಆದರೆ ನೋಡ್ರಿ, ಬಿಸಿಲು ಬರೋ ರೂಮಿಗಿಂತ ಗೋಡೆ ನೋಡೋ ರೂಮು ದುಬಾರಿ! ಬಾತ್‌ರೂಮಿಗೆ ಬೆಲೆಯೇ ಇಲ್ಲ. ಇನ್ನೊಂದು ತಪ್ಪು ಅಷ್ಟು ಬೇಗ ಕಣ್ಣಿಗೆ ಬೀಳಲ್ಲ. ಆ 12,000ದಲ್ಲಿ ಹಾಲು, ಅಡುಗೆಮನೆ, ಮೇಲಿನ ತಾರಸಿ ಎಲ್ಲದರ ಬಾಡಿಗೆಯೂ ಸೇರಿದೆ. ಅವನ್ನು ಮೂವರೂ ಸಮನಾಗಿ ಬಳಸ್ತಾರೆ. ಅದನ್ನೂ ಮಲಗೋ ಕೋಣೆಯ ಅಡಿ ಮೇಲೆ ಹೊರಿಸಿದರೆ ದೊಡ್ಡ ರೂಮಿನವನು ಹಾಲಿಗೂ ಹೆಚ್ಚು ಕೊಟ್ಟಂಗಾಯ್ತು. ಟೇಪೇ ಹಿಡೀಬೇಕು ಅಂದರೆ ಮೊದಲು ಎಲ್ಲರಿಗೂ ಸೇರಿದ ಜಾಗದ ಪಾಲನ್ನು ಮೂರು ಭಾಗ ಮಾಡಿ, ಉಳಿದದ್ದನ್ನಷ್ಟೇ ಅಡಿ ಲೆಕ್ಕಕ್ಕೆ ಹಾಕಬೇಕು.

ಟೇಪಿನ ಈ ಕುರುಡು ನಮಗೇನು ಹೊಸದಲ್ಲ. ಸೂಳೆಕೆರೆಯ ಬಸವನಾಲೆಯಾಗಲಿ ಸಿದ್ಧನಾಲೆಯಾಗಲಿ, ನೀರು ಮೊದಲು ಮುಟ್ಟೋ ಎಕರೆಯೂ ಕೊನೇ ಭಾಗದ ಎಕರೆಯೂ ಪಹಣಿಯಲ್ಲಿ ಒಂದೇ. ಹಿಸ್ಸೆ ಮಾಡುವಾಗ ಬರೀ ಎಕರೆ ನೋಡಿದವರು ಯಾರಿದ್ದಾರೆ? ನಾನು ಚಿಕ್ಕವನಿದ್ದಾಗ ಕಂಡ ಒಂದು ಹಿಸ್ಸೆಯಲ್ಲಿ ಅಣ್ಣ ಪಾಲು ಕಟ್ಟಿದ, ತಮ್ಮ ಆರಿಸಿದ. ಯಾವ ಪಾಲು ತನಗೆ ಉಳಿಯುತ್ತೋ ಅಂತ ಅಣ್ಣ ತೋಟದ ಒಂದೊಂದು ಅಡಿಕೆ ಮರವನ್ನೂ ಮುಟ್ಟಿ ಮುಟ್ಟಿ ಎಣಿಸಿದ್ದ. ಬದುವಿನ ಮೇಲಿದ್ದ ಮಾವಿನ ಮರ ಯಾರಿಗೆ ಅನ್ನೋದಕ್ಕೇ ಒಂದು ಸಂಜೆ ಹೋಯ್ತು. ಅದಿರಲಿ. ಇಬ್ಬರಿದ್ದಾಗ ಆ ಉಪಾಯ ಚೆಂದ. ಮೂವರಿದ್ದು, ಗೋಡೆ ಒಡೆದು ಕಟ್ಟೋಕಾಗದ ರೂಮುಗಳಾದರೆ ಸರಿದೂಗಿಸೋಕೆ ಉಳಿಯೋದು ದುಡ್ಡೊಂದೇ.

ಕಡೆಗೆ ಅವರಿಗೆ ನಾನು ಹೇಳಿದ್ದು ಚೀಟಿ ವಿಧಾನ. ಒಬ್ಬೊಬ್ಬನೂ ಒಂದೊಂದು ಚೀಟಿಯಲ್ಲಿ, ಇನ್ನೊಬ್ಬನಿಗೆ ತೋರಿಸದೆ, ಮೂರೂ ರೂಮಿಗೆ ತನಗೆ ಕಂಡ ಬೆಲೆ ಬರೀಬೇಕು. ಮೂರು ಬೆಲೆ ಕೂಡಿದರೆ ಸರಿಯಾಗಿ 12,000 ಆಗಬೇಕು, ಅದೊಂದೇ ಕಟ್ಟುಪಾಡು. ಚೀಟಿ ಬಿಚ್ಚೋದು ಒಟ್ಟಿಗೇ.

ಹೊನ್ನಾಳಿಯವನು ನಸುಕಿಗೇ ಎದ್ದು ಕೆಲಸಕ್ಕೆ ಓಡೋನು, ಬಾತ್‌ರೂಮಿನ ಮುಂದೆ ಕಾಯೋದು ಅವನಿಗಾಗದು. ದೊಡ್ಡದಕ್ಕೆ 6,000, ಕಿಟಕಿಯದಕ್ಕೆ 3,600, ಕತ್ತಲೆಗೆ 2,400 ಬರೆದ. ನಮ್ಮವನು ಓದೋ ಹುಡುಗ, ಬೆಳಕು ಬೇಕು. ಅವನದು ಅದೇ ಕ್ರಮದಲ್ಲಿ 4,600, 4,700, 2,700. ಜಗಳೂರಿನವನದು ನೈಟ್ ಶಿಫ್ಟು. ಎಲ್ಲರಿಗೂ ಬೇಡವಾದ ಕತ್ತಲೆ ಅವನಿಗೆ ಹಗಲು ನಿದ್ದೆ! ಬರೆದದ್ದು 4,500, 3,500, 4,000. ಚೀಟಿ ಬಿಚ್ಚೋತನಕ ಅವನಿಗೆ ಆ ರೂಮು ಬೇಕಿತ್ತು ಅಂತ ಉಳಿದಿಬ್ಬರಿಗೂ ಹೊಳೆದೇ ಇರಲಿಲ್ಲ.

ಈಗ ಯಾರಿಗೆ ಯಾವುದು ಕೊಟ್ಟರೆ ಅವರವರು ಬರೆದ ಬೆಲೆಗಳ ಮೊತ್ತ ಅತಿ ಹೆಚ್ಚಾಗುತ್ತೆ ಅಂತ ನೋಡಬೇಕು. ದೊಡ್ಡದು ಹೊನ್ನಾಳಿಗೆ, ಕಿಟಕಿ ನಮ್ಮವನಿಗೆ, ಕತ್ತಲೆ ಜಗಳೂರಿಗೆ. ಆರು ಸಾವಿರ, ನಾಲ್ಕು ಸಾವಿರದ ಏಳುನೂರು, ನಾಲ್ಕು ಸಾವಿರ, ಕೂಡಿದರೆ 14,700. ಕೊಡಬೇಕಾದ್ದು ಹನ್ನೆರಡೇ ಸಾವಿರ. ಮಿಕ್ಕ 2,700ನ್ನು ಮೂರು ಪಾಲು ಮಾಡಿ ಒಬ್ಬೊಬ್ಬನಿಗೆ 900 ಇಳಿಸಿ. ಹೊನ್ನಾಳಿಯವನು 5,100, ನಮ್ಮವನು 3,800, ಜಗಳೂರಿನವನು 3,100. ಪ್ರತಿಯೊಬ್ಬನಿಗೂ ತಾನೇ ಹೇಳಿದ ಬೆಲೆಗಿಂತ ಒಂಬೈನೂರು ಕಡಿಮೆ. ಯಾರು ಗೊಣಗ್ತಾರೆ ಹೇಳಿ?

ಗೊಣಗೋರು ಇದ್ದಾರೋ ಅಂತ ಪರೀಕ್ಷೆ ಮಾಡೋದೂ ಸುಲಭ. ಒಬ್ಬೊಬ್ಬನನ್ನೂ ಕರೆದು, 'ಈ ರೇಟಿಗೆ ಅವನ ರೂಮು ಬೇಕೇನಪ್ಪಾ?' ಅಂತ ಕೇಳೋದು. ನಮ್ಮವನಿಗೆ ದೊಡ್ಡ ರೂಮು 4,600ರ ಬಾಳು, ರೇಟು 5,100. ಬೇಡ ಅಂದ. ಜಗಳೂರಿನವನಿಗೆ ಕಿಟಕಿ ರೂಮು ಮೂರೂವರೆ ಸಾವಿರದ ಬಾಳು, ರೇಟು 3,800. ಅವನೂ ಬೇಡ ಅಂದ. ಎಲ್ಲ ಸಲ ಹೀಗೆ ಒಂದೇಟಿಗೆ ಕೂಡಿ ಬರಲ್ಲ. ಮಿಕ್ಕಿದ್ದನ್ನು ಸಮ ಹಂಚಿದರೂ ಒಬ್ಬನ ಕಣ್ಣು ಇನ್ನೊಬ್ಬನ ರೂಮಿನ ಮೇಲೇ ಇರಬಹುದು. ಆಗ ಕಣ್ಣು ಬಿದ್ದ ರೂಮಿಗೆ ಐವತ್ತೋ ನೂರೋ ಏರಿಸಿ, ಅಷ್ಟನ್ನೇ ಇನ್ನೊಂದಕ್ಕೆ ಇಳಿಸುತ್ತಾ ಹೋಗಬೇಕು, ಎಲ್ಲರೂ ಬೇಡ ಅನ್ನೋತನಕ. ಅಂಥ ರೇಟು ಎಲ್ಲೋ ಒಂದು ಕಡೆ ಇದ್ದೇ ಇದೆ ಅಂತ 1999ರಲ್ಲಿ ಅಮೆರಿಕದ ಗಣಿತಜ್ಞ ಫ್ರಾನ್ಸಿಸ್ ಸು ಒಂದು ಲೇಖನದಲ್ಲಿ ತೋರಿಸಿಕೊಟ್ಟ. ಅವನ ಗೆಳೆಯನೊಬ್ಬ ಇದೇ ಪೇಚಿಗೆ ಸಿಕ್ಕಿ ಕೇಳಿದ್ದನಂತೆ. ತ್ರಿಕೋನಗಳ ಮೂಲೆಗೆ ಹೆಸರಿಡೋ ಸ್ಪೆರ್ನರ್‌ನ 1928ರ ಗಣಿತ ಇಲ್ಲಿ ಕೆಲಸಕ್ಕೆ ಬಂತು. ಸು ಹಾಕಿಕೊಂಡ ಷರತ್ತುಗಳಲ್ಲಿ ಒಂದು ನನಗೆ ಬಹಳ ಹಿಡಿಸಿತು: ಪುಕ್ಕಟೆ ರೂಮು ಇದ್ದರೆ ಯಾರಾದರೂ ದುಡ್ಡು ಕೊಡೋ ರೂಮಿಗಿಂತ ಅದನ್ನೇ ಹಿಡೀತಾರೆ ಅನ್ನೋದು. ದಾವಣಗೆರೆಯಲ್ಲೇನು, ಅಮೆರಿಕದಲ್ಲೇನು, ಅದರಲ್ಲಿ ಎರಡು ಮಾತಿಲ್ಲ ಬಿಡಿ.

ಮೋಸಕ್ಕೆ ಜಾಗ ಇಲ್ವಾ ಅಂದರೆ, ಇದೆ. ಉಳಿದವರ ಚೀಟಿ ಮೊದಲೇ ಕಂಡಿದ್ದರೆ ಹೊನ್ನಾಳಿಯವನು ದೊಡ್ಡದಕ್ಕೆ 4,800 ಬರೆದು, ಉಳಿದದ್ದಕ್ಕೆ 4,200, 3,000 ತೋರಿಸಿದ್ದರೂ ಸಾಕಿತ್ತು. ರೂಮು ಅವನಿಗೇ ಸಿಗ್ತಿತ್ತು, ಬಾಡಿಗೆ 4,300ಕ್ಕೆ ಇಳೀತಿತ್ತು. ಕಾಣದೆ ಹಾಗೆ ಬರೆದರೆ ಮಾತ್ರ ಬೇರೆಯವನು ಹೆಚ್ಚು ಬರೆದು ಬಾತ್‌ರೂಮು ಹೊಡಕೊಂಡು ಹೋಗೋ ಭಯ. ಅದಕ್ಕೇ ಚೀಟಿ ಮಡಚಿ ಡಬ್ಬಿಗೆ ಹಾಕೋದು. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಬೆಳಕು ಬೇಕು, ಆದರೆ ಮನೆಯಿಂದ ಬರೋ ದುಡ್ಡು ಸಾಲದು ಅನ್ನೋ ಹುಡುಗ ಕಿಟಕಿಗೆ ಕಡಿಮೆ ಬರೀತಾನೆ. ಚೀಟಿಗೆ ಅವನ ಆಸೆ ಕಾಣಲ್ಲ, ಜೇಬು ಮಾತ್ರ ಕಾಣುತ್ತೆ. ಅಂಥ ಕಡೆ ಗೆಳೆಯರೇ ಕೂತು ಮಾತಾಡಿ ಬಗೆಹರಿಸಬೇಕು.

ಅಡ್ವಾನ್ಸು ಮಾತ್ರ ಮೂವರೂ ಸಮ ಹಾಕಲಿ ಅಂತ ನನ್ನ ಮಾತು, ಮನೆ ಬಿಡುವಾಗ ವಾಪಸ್ ಬರೋ ದುಡ್ಡು ತಾನೇ? ಕರೆಂಟಿನ ಬಿಲ್ಲಿಗೆ ಅವರದೇ ಜಗಳ ನಡೀತಿದೆ. ಹಗಲೆಲ್ಲ ಲೈಟು ಹಾಕ್ತಾನೆ ಅಂತ ಜಗಳೂರಿನವನ ಮೇಲೆ ದೂರು, ಹಗಲು ಮಲಗಿರ್ತೀನಿ, ಲೈಟು ಯಾಕೆ ಹಾಕಲಿ ಅಂತ ಅವನು. ಅವನ ಶಿಫ್ಟು ಬರೋ ತಿಂಗಳಿಂದ ಹಗಲಿಗೆ ಬದಲಾಗುತ್ತಂತೆ ಬೇರೆ. ಹಾಗಾದರೆ ಆ ಕತ್ತಲೆಗೆ ಅವನು ನಾಲ್ಕು ಸಾವಿರ ಬರೀತಾನಾ? ಚೀಟಿ ಮತ್ತೆ ಹಾಕಿ ಅಂದಿದ್ದೀನಿ.