ತಾರಸಿಗೊಂದು ಅರ್ಜಿ

ಮೂರು ಕಿಲೋವಾಟ್ ಸೋಲಾರ್‌ಗೆ ಸುಮಾರು 300 ಚದರಡಿ, ಅದೂ ಟ್ಯಾಂಕಿನ ನೆರಳು ಬೀಳದ ಜಾಗ ಬೇಕು. ಕುಂದಾಪುರದ ಫ್ಲ್ಯಾಟಿನಲ್ಲಿ ತಾರಸಿ ಎಲ್ಲರದ್ದು. ಹಾಗಾಗಿ ಮೆಸ್ಕಾಂಗಿಂತ ಮೊದಲು ಸಂಘಕ್ಕೆ ಅರ್ಜಿ. ಜಾಗದ ನಕ್ಷೆ, ಕೇಬಲ್ ಇಳಿಯುವ ದಾರಿ, ಸೋರಿದರೆ ರಿಪೇರಿ ಯಾರದು ಎಂಬುದು ಅದರಲ್ಲಿರಬೇಕು.

ಸಭೆಯ ಮೊದಲ ತಾಂತ್ರಿಕ ಪ್ರಶ್ನೆ: "ಹ್ವಾಯ್, ಹಪ್ಪಳ ಒಣಗ್ಸುದ್ ಎಲ್ಲಿ?"

"ಪ್ಯಾನಲ್ ಅಡಿಯಂಗೆ ಜಾಗ ಇತ್ತಲೆ?"

"ನೆರಳಂಗೆ ಹಪ್ಪಳ ಒಣಗುತ್ತಾ ಮಾರಾಯ್ರೆ?"

ಅಧ್ಯಕ್ಷರಿಗೆ ಸೋರಿಕೆಯ ಚಿಂತೆ. ತೂತು ಕೊರೆಯದೆ ಕಾಂಕ್ರೀಟ್ ದಿಮ್ಮಿಯ ಮೇಲೆ ಸ್ಟ್ಯಾಂಡ್ ಕೂರಿಸುವುದಾಗಿ ಅರ್ಜಿಯಲ್ಲಿದೆ; ಕಡಲಗಾಳಿಗೆ ಸ್ಟ್ಯಾಂಡ್ ಏಳದಂತೆ ದಿಮ್ಮಿಯ ತೂಕವನ್ನು ಎಂಜಿನಿಯರ್ ಲೆಕ್ಕ ಹಾಕಬೇಕು, ಉಪ್ಪುಗಾಳಿಗೆ ತುಕ್ಕು ಹಿಡಿಯದಂತೆ ಕಬ್ಬಿಣಕ್ಕೆ ಸತುವಿನ ಲೇಪ ಬೇಕು. ಆ ಪುಟವನ್ನು ಯಾರೂ ಓದಿಲ್ಲ.

ನಿರ್ಣಯ ಮುಂದಿನ ಸಭೆಗೆ. ಅನುಮತಿ ಕೇಳದೆ ತಾರಸಿಗೆ ತೂತು ಕೊರೆದು ನಿಂತ ಡಿಶ್ ಆಂಟೆನಾಗಳ ವಿಷಯ ಕಾರ್ಯಸೂಚಿಯಲ್ಲಿ ಇರಲಿಲ್ಲ.