ಚೇಂಜ್ ಕೇಳಿದ ಕಂಡಕ್ಟರ್

ಕೂಡ್ಲಿಗಿಯಿಂದ ಕೊಟ್ಟೂರು ಮೇಲೆ ಹರಪನಹಳ್ಳಿಗೆ ಹೋಗುವ ಬಸ್ಸಿನ ನಮ್ಮ ಕಂಡಕ್ಟರ್ ಸಾಹೇಬರು ಊರಿನ ಹೆಸರಿಗಿಂತ ಮೊದಲು ಕೂಗುವುದು ‘ಚೇಂಜ್ ಕೊಡ್ರೀ’ ಎಂದು. ಹಡಗಲಿಗೆ ಹೋದರೂ ಅದೇ, ಹಗರಿಬೊಮ್ಮನಹಳ್ಳಿಗೆ ಹೋದರೂ ಅದೇ. ಚರ್ಮದ ಚೀಲದೊಳಗೆ ಕೈಯಾಡಿಸಿದರೆ ಗಲಗಲ ಸದ್ದಾಗುತ್ತದೆ. ಆದರೆ ಕೇಳಿದವರಿಗೆ ಮಾತ್ರ ‘ಒಂದ್ ರೂಪಾಯಿನೂ ಇಲ್ರೀ!’

ಪಾಪ, ಅವರದೂ ತಪ್ಪಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಹೆಣ್ಮಕ್ಕಳದು ಶೂನ್ಯ ಟಿಕೆಟ್. ಸೆರಗಿನ ಗಂಟು ಬಿಚ್ಚಿ ಎಣಿಸಿ ಕೊಡುತ್ತಿದ್ದ ಚಿಲ್ಲರೆ ಚೀಲಕ್ಕೆ ಬರುವುದೇ ನಿಂತಿತು. ಉಳಿದ ಗಂಡಸರು ಬೆಳ್ಳಂಬೆಳಿಗ್ಗೆ ಐನೂರರ ನೋಟು ಹಿಡಿಯುತ್ತಾರೆ.

ಅವತ್ತು ರುಮಾಲಿನ ಯಜಮಾನರೊಬ್ಬರು 42 ರೂಪಾಯಿ ಟಿಕೆಟ್ಟಿಗೆ ಅದನ್ನೇ ಹಿಡಿದರು.

‘ಚೇಂಜ್ ಬೇಕ್ರೀ ಯಜಮಾನ್ರ.’

‘ಇನ್ನೂ ಏನ್ ಚೇಂಜ್ ಬೇಕೋ ತಮ್ಮಾ?’ ಯಜಮಾನರು ಎದ್ದೇ ನಿಂತರು. ‘ನಮ್ಮ ಹರಪನಹಳ್ಳಿ ಬಳ್ಳಾರಿ ಜಿಲ್ಲೆದಾಗಿತ್ತು. 1997ರಾಗ ಚೇಂಜ್ ಮಾಡಿ ದಾವಣಗೆರೆಗೆ ಹಾಕಿದ್ರು. ಮತ್ತ ಚೇಂಜ್ ಮಾಡಿ ಬಳ್ಳಾರಿಗೆ ತಂದ್ರು. 2021ರಾಗ ವಿಜಯನಗರ ಅಂದ್ರು. ನಾನು ಕುಂತಲ್ಲೇ ಕುಂತೀನಿ, ಜಿಲ್ಲೆನೇ ತಿರುಗಾಡಾಕ ಹತ್ತೈತಿ. ಇನ್ನ ಚೇಂಜ್ ಬ್ಯಾಡ!’

‘ಅಯ್ಯೋ, ಎರಡು ರೂಪಾಯಿ ಕೊಡ್ರಿ ಅಂದೆ. 460 ವಾಪಸ್ ಕೊಡ್ತೀನಿ.’

‘ಎರಡು ರೂಪಾಯಿ ಅನ್ನಾಕ ಕನ್ನಡದಾಗ ಚಿಲ್ಲರೆ ಅಂತ ಐತಲ್ಲೋ!’

‘ಚಿಲ್ಲರೆ ಅಂದ್ರೆ ಕೆಲವ್ರು ತಮಗೇ ಅಂದ ಅಂತ ಸಿಟ್ಟಾಗ್ತಾರ್ರೀ.’

ಬಸ್ಸು ನಕ್ಕಿತು. ಕಂಡಕ್ಟರ್ ಪದ್ಧತಿಯಂತೆ ಟಿಕೆಟ್ಟಿನ ಬೆನ್ನಿಗೆ 458 ಎಂದು ಗೀಚಿ, ‘ಇಳಿಯುವಾಗ ತಗೋರಿ’ ಎಂದರು. ಯಜಮಾನರಿಗೆ ಈ ಸಾಲಪತ್ರದ ಮೇಲೆ ನಂಬಿಕೆಯಿಲ್ಲ. ಬಾಗಿಲ ಹತ್ತಿರ ಜನ ನೂಕಾಡುವಾಗ ಬೆನ್ನು ತಿರುಗಿಸಿ ನೋಡುವವರು ಯಾರು? ಕಿಟಕಿಯ ಸೀಟು ಬಿಟ್ಟು ಬಂದು ಕಂಡಕ್ಟರ್ ಪಕ್ಕದಲ್ಲೇ ಕಾವಲು ಕೂತರು.

ಕೊಟ್ಟೂರಿನಲ್ಲಿ ಹೂವಿನ ಬುಟ್ಟಿಯ ಅಕ್ಕ ಹತ್ತಿದಳು. ಆಧಾರ್ ತೋರಿಸಿ ಪುಕ್ಕಟೆ ಟಿಕೆಟ್ ತಗೊಂಡು, ಜಗಳ ಕೇಳಿ, ಸಂಚಿ ಬಿಚ್ಚಿ ಐನೂರಕ್ಕೆ ಚಿಲ್ಲರೆ ಎಣಿಸಿಕೊಟ್ಟಳು. ಕಂಡಕ್ಟರ್ ನಾಲ್ಕು ನೂರರ ನೋಟಿನ ಮೇಲೆ ಹತ್ತು ರೂಪಾಯಿಯ ಐದು ನಾಣ್ಯ, ಅದರ ಮೇಲೆ ಎಂಟು ರೂಪಾಯಿ ಇಟ್ಟು, ಟಿಕೆಟ್ಟಿನ ಹಿಂದಿನ ಲೆಕ್ಕ ಹೊಡೆದು ಹಾಕಿದರು.

ಯಜಮಾನರ ಮುಖ ಹುಳ್ಳಗಾಯಿತು.

‘ಹತ್ತರ ಕಾಯಿನ್ ಅಂಗಡ್ಯಾಗ ತಗೊಳ್ಳಂಗಿಲ್ಲೋ. ಇವನ್ನ ಚೇಂಜ್ ಮಾಡಿ ಕೊಡು.’

‘ಈಗ ತಾನೇ ಚೇಂಜ್ ಬ್ಯಾಡ ಅಂದ್ರಲ್ರೀ!’

ಯಜಮಾನರು ಮಾತಿಲ್ಲದೆ ಐದೂ ನಾಣ್ಯಗಳನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡರು. ಅಂಗಡಿಯವರು ಏನೇ ಅನ್ನಲಿ, ಹತ್ತು ರೂಪಾಯಿ ನಾಣ್ಯ ಚಲಾವಣೆಯಲ್ಲಿದೆ ಎಂದು ರಿಸರ್ವ್ ಬ್ಯಾಂಕ್ ಮತ್ತೆ ಮತ್ತೆ ಹೇಳಿದೆ. ಆದ್ದರಿಂದ ಈ ಕಡೆ ಬಸ್ ಹತ್ತುವವರು ಅಂಥ ನಾಣ್ಯ ನಾಲ್ಕು ಜೇಬಿನಲ್ಲಿರಲಿ. ಇಳಿಯುವ ಮುಂಚೆ ಟಿಕೆಟ್ಟಿನ ಬೆನ್ನು ಒಮ್ಮೆ ತಿರುಗಿಸಿ ನೋಡಿ.