ಬಕೆಟ್ ಸವಾಲಿಗೆ ಉತ್ತರಿಸುವ ಕ್ರಮ

ಐಸ್ ಬಕೆಟ್ ಸವಾಲು 2014ರಲ್ಲಿ ಅಮೆರಿಕದಲ್ಲಿ ಹಬ್ಬಿ, ಆಗಸ್ಟ್ ಹೊತ್ತಿಗೆ ಬೆಂಗಳೂರಿನ ಬಚ್ಚಲುಮನೆಗಳನ್ನೂ ತಲುಪಿತು. ನಿಯಮ ಸರಳ. ಟ್ಯಾಗ್ ಆದವರು 24 ಗಂಟೆಯೊಳಗೆ ಒಂದು ಬಕೆಟ್ ಐಸ್ ನೀರನ್ನು ತಲೆಗೆ ಸುರಿದುಕೊಳ್ಳಬೇಕು, ಇಲ್ಲವೇ ಎಎಲ್‌ಎಸ್ ಕಾಯಿಲೆಯ ಸಂಶೋಧನೆಗೆ ದುಡ್ಡು ಕೊಡಬೇಕು. ಎರಡನ್ನೂ ಮಾಡಿದರೆ ಸಂತೋಷ. ಆಮೇಲೆ ಇನ್ನು ಮೂವರ ಹೆಸರು ಹೇಳಬೇಕು. ದುಡ್ಡಿನ ಮಾತು ಬಿಟ್ಟು, ಕಾಯಿಲೆಯ ಹೆಸರನ್ನೂ ಎತ್ತದೆ, ಒದ್ದೆ ಅಂಗಿಯ ವಿಡಿಯೊ ಮಾತ್ರ ಹಾಕಿದವರಿಗೂ ಬರವಿರಲಿಲ್ಲ.

ಟ್ಯಾಗ್ ಮಾಡುವವರು ಸಾಮಾನ್ಯವಾಗಿ ಎದುರಿಗೆ 'ಆಗಲ್ಲ' ಎನ್ನಲು ಬಾರದ ನಂಟರು. ಉದಾಹರಣೆಗೆ ಜಯನಗರದ ಒಬ್ಬ ಮಧ್ಯವಯಸ್ಕನನ್ನು ತೆಗೆದುಕೊಳ್ಳಬಹುದು. ಅವನ ಹೆಸರು ಇಲ್ಲಿ ಬೇಡ, ಈ ಬರಹದ ಲೇಖಕರಿಗೆ ಮುಜುಗರವಾದೀತು. ಅವನನ್ನು ಟ್ಯಾಗ್ ಮಾಡಿದ್ದು ಷಡ್ಡಕ. ಷಡ್ಡಕ ನೀರು ಸುರಿದುಕೊಂಡ ಮೇಲೆ ಈತ ಹಿಂಜರಿದರೆ ಮಾವನ ಮನೆಯಲ್ಲಿ ಅದು ವರ್ಷಗಟ್ಟಲೆ ಚರ್ಚೆಯಾಗುತ್ತದೆ.

ಇಂಥವನು ಮೊದಲು ನೋಡುವುದು ಫ್ರಿಜ್ಜಿನ ಐಸ್ ಟ್ರೇಯನ್ನು. ಮನೆಯ ಎರಡು ಟ್ರೇಗಳಿಂದ ಸಿಗುವುದು ಹೆಚ್ಚೆಂದರೆ ಅರ್ಧ ಕೆಜಿ ಐಸು, ಅದರಲ್ಲೂ ಒಂದಕ್ಕೆ ಶುಂಠಿ ಬೆಳ್ಳುಳ್ಳಿ ಪೇಸ್ಟಿನ ವಾಸನೆ. ಬಕೆಟ್ಟಿನಲ್ಲಿ 25 ಡಿಗ್ರಿಯ ನೀರು 12 ಲೀಟರ್ ಇದೆ ಎಂದುಕೊಳ್ಳೋಣ. ಅದು ಮೈ ಜುಮ್ಮೆನ್ನುವ 5 ಡಿಗ್ರಿಗೆ ಇಳಿಯಬೇಕಾದರೆ ಸುಮಾರು ಮೂರು ಕೆಜಿ ಐಸು ಬೇಕು. ಅರ್ಧ ಕೆಜಿ ಹಾಕಿದರೆ ಐಸೆಲ್ಲ ಕರಗಿ ನೀರು 21 ಡಿಗ್ರಿಗೆ ನಿಲ್ಲುತ್ತದೆ. ಮಾಗಿಯ ಬೆಳಗ್ಗೆ ಓವರ್‌ಹೆಡ್ ಟ್ಯಾಂಕಿನ ನೀರು ಇದಕ್ಕಿಂತ ತಣ್ಣಗಿರುತ್ತದೆ, ಅದರಲ್ಲಿ ಸ್ನಾನ ಮಾಡಿದವರನ್ನು ಯಾರೂ ವಿಡಿಯೊ ಮಾಡುವುದಿಲ್ಲ. ಐಸು ಕಾಣುವಂತಿರಬೇಕೆಂದರೆ ಸುರಿಯುವ ಗಳಿಗೆಯಲ್ಲೇ ಹಾಕಬೇಕು. ಆಗ ನೀರು ತಣ್ಣಗಾಗುವುದಿಲ್ಲ, ಗಡ್ಡೆಗಳು ಮಾತ್ರ ನೆತ್ತಿಗೆ ಬಡಿಯುತ್ತವೆ. ಹಾಗಾಗಿ ಚಳಿಯನ್ನು ನಟಿಸಬೇಕಾಗುತ್ತದೆ. ಮೇಲೆ ಹೇಳಿದ ಗೃಹಸ್ಥ ಕನ್ನಡಿಯ ಮುಂದೆ "ಹೂ ಹೂ ಹೂ" ಎಂದು ನಡುಗುವ ಅಭ್ಯಾಸ ಮಾಡುತ್ತಿದ್ದಾಗ ಹೆಂಡತಿ ಬಾಗಿಲಲ್ಲಿ ನಿಂತು, "ರೀ, ನಾಳೆ ಕಾವೇರಿ ನೀರು ಬರಲ್ಲ. ಸುರ್ಕೊಳ್ಳೋದಾದ್ರೆ ದಾಸವಾಳದ ಗಿಡದ ಪಕ್ಕ ನಿಂತ್ಕೊಂಡು ಸುರ್ಕೊಳ್ಳಿ" ಎಂದರು. ಗಿಡದ ಪಕ್ಕ ಬೆಳಕು ಸಾಲದು ಎಂಬ ಆಕ್ಷೇಪವನ್ನು ಅವರು ಪರಿಗಣಿಸಲಿಲ್ಲ.

ಒಲ್ಲೆ ಎನ್ನುವುದಕ್ಕೂ ಮಾದರಿಗಳಿವೆ. ಅಮೆರಿಕದ ಅಂದಿನ ಅಧ್ಯಕ್ಷ ಬರಾಕ್ ಒಬಾಮಾ ನೀರು ಮುಟ್ಟದೆ ನೂರು ಡಾಲರ್ ಕೊಟ್ಟರು. ನಟ ಪ್ಯಾಟ್ರಿಕ್ ಸ್ಟೀವರ್ಟ್ ತುಟಿ ಬಿಚ್ಚದೆ ಒಂದು ಚೆಕ್ ಬರೆದು, ಬಕೆಟ್ಟಿನಿಂದ ಐಸನ್ನು ಇಕ್ಕಳದಲ್ಲಿ ಎತ್ತಿ ಗ್ಲಾಸಿಗೆ ಹಾಕಿ, ವಿಸ್ಕಿ ಸುರಿದುಕೊಂಡು ಕುಡಿದರು. ಹೈದರಾಬಾದಿನ ಪತ್ರಕರ್ತೆ ಮಂಜುಲತಾ ಕಲಾನಿಧಿ ಅದೇ ಆಗಸ್ಟಿನಲ್ಲಿ ಐಸನ್ನು ಬಿಟ್ಟು ಬಕೆಟ್ಟನ್ನು ಮಾತ್ರ ಉಳಿಸಿಕೊಂಡರು. ಅವರ 'ರೈಸ್ ಬಕೆಟ್' ಸವಾಲಿನಲ್ಲಿ ಒಂದು ಬಕೆಟ್ ಅಕ್ಕಿಯನ್ನೋ ಅನ್ನವನ್ನೋ ಹತ್ತಿರದಲ್ಲೇ ಇರುವ, ಅಗತ್ಯವಿರುವ ಒಬ್ಬರಿಗೆ ಕೊಡಬೇಕು. ಅಕ್ಕಿಯನ್ನು ತಲೆಗೆ ಸುರಿದುಕೊಳ್ಳಬೇಕಾಗಿಲ್ಲ.

ಹಾಗೆಂದು ಐಸಿನ ಸವಾಲನ್ನು ಬರೀ ಹುಡುಗಾಟ ಎನ್ನಲಾಗದು. ಎಎಲ್‌ಎಸ್‌ನಲ್ಲಿ ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುತ್ತಾ ಹೋಗುತ್ತವೆ. ಕೈಕಾಲು, ಮಾತು, ನುಂಗುವ ಶಕ್ತಿ ಹೋಗಿ, ಕೊನೆಗೆ ಉಸಿರಾಟ ನಿಲ್ಲುತ್ತದೆ, ಆದರೆ ಹೆಚ್ಚಿನವರಿಗೆ ತಮಗೆ ಆಗುತ್ತಿರುವುದೆಲ್ಲ ಕೊನೆಯವರೆಗೂ ಗೊತ್ತಾಗುತ್ತಿರುತ್ತದೆ. ಸವಾಲನ್ನು ಹಬ್ಬಿಸಿದವರಲ್ಲಿ ಮುಖ್ಯರಾದ ಪೀಟ್ ಫ್ರೇಟ್ಸ್ ಮತ್ತು ಪ್ಯಾಟ್ ಕ್ವಿನ್ ಇಬ್ಬರೂ ಇದೇ ಕಾಯಿಲೆಯ ರೋಗಿಗಳು. ಫ್ರೇಟ್ಸ್ 2019ರಲ್ಲಿ, ಕ್ವಿನ್ 2020ರಲ್ಲಿ ತೀರಿಕೊಂಡರು. 2014ರ ಸವಾಲಿನಿಂದ ಅಮೆರಿಕದ ಎಎಲ್‌ಎಸ್ ಸಂಘಕ್ಕೆ 11.5 ಕೋಟಿ ಡಾಲರ್ ಬಂತು, ಅದರ ನೆರವು ಪಡೆದ ಸಂಶೋಧನೆಯೊಂದು 2016ರಲ್ಲಿ ಈ ರೋಗಕ್ಕೂ ನೆಕ್1 ಎಂಬ ಜೀನಿಗೂ ಇರುವ ನಂಟನ್ನು ತೋರಿಸಿತು. ದುಡ್ಡಿನ ಮಾತನ್ನು ನುಂಗಿಕೊಂಡ ಒದ್ದೆ ಅಂಗಿಗಳ ಮೇಲೆ ಸಿಟ್ಟು ಬರುವುದು ಇದಕ್ಕೇ.

ಇನ್ನು ಮೂವರ ಹೆಸರಿನ ವಿಷಯ. ಪ್ರತಿಯೊಬ್ಬರೂ ಮಾರನೆಯ ದಿನವೇ ಹೊಸ ಮೂವರನ್ನು ಎಳೆದು ತಂದರೆ, ಮೊದಲ ದಿನ 3, ಎರಡನೆಯ ದಿನ 9, ಹೀಗೆ 21ನೆಯ ದಿನಕ್ಕೆ 1,046 ಕೋಟಿ ಜನ ಬೇಕು. 2014ರಲ್ಲಿ ಭೂಮಿಯ ಮೇಲೆ ಇದ್ದದ್ದು ಸುಮಾರು 720 ಕೋಟಿ, ತೊಟ್ಟಿಲ ಕೂಸುಗಳೂ ಸೇರಿ. ಆದ್ದರಿಂದ ಸರಪಳಿಯನ್ನು ಯಾರಾದರೂ ಕಡಿಯಲೇಬೇಕು, ಅದಕ್ಕೆ ಕ್ಷಮೆ ಕೇಳಬೇಕಾಗಿಲ್ಲ.

ಒಪ್ಪುವ ಉತ್ತರವೂ ಒಲ್ಲೆನೆಂಬ ಉತ್ತರವೂ ಮೂರು ಸಾಲಿನಲ್ಲಿ ಮುಗಿಯಬೇಕು: ಟ್ಯಾಗ್ ಮಾಡಿದವರಿಗೆ ವಂದನೆ, ಮಾಡಿದ್ದೇನು, ಮುಂದೆ ಯಾರು. ಜಯನಗರದಿಂದ ಹೋದ ಉತ್ತರ ಹೀಗಿತ್ತು: "ಭಾವ, ನೆನಪಿಸಿಕೊಂಡಿದ್ದಕ್ಕೆ ಥ್ಯಾಂಕ್ಸ್. ದುಡ್ಡು ಕಳಿಸಿದ್ದೇನೆ, ಒಂದು ಬಕೆಟ್ ಸೋನಾ ಮಸೂರಿ ನಮ್ಮ ಬೀದಿಯ ಇಸ್ತ್ರಿಯವರ ಮನೆ ಸೇರಿದೆ. ನಾನು ಯಾರ ಹೆಸರನ್ನೂ ಹೇಳುವುದಿಲ್ಲ, ನೀವೂ ದುಡ್ಡು ಕಳಿಸಿದ ರಸೀದಿ ಹಾಕಿ."

ರಸೀದಿ ಇನ್ನೂ ಬಂದಿಲ್ಲ.